ವೈದ್ಯಕೀಯ ರಜೆಯ ಅವಧಿಗೆ 6ನೇ ತರಗತಿಯ ಪ್ರಭಾರ ಟಿಪ್ಪಣಿ

ಅತಿಥಿ ಶಿಕ್ಷಕಿಯವರಿಗೆ ವಂದನೆಗಳು.

ಪಿತ್ತಕೋಶದ ಶಸ್ತ್ರಚಿಕಿತ್ಸೆಗಾಗಿ ನಾನು ನವೆಂಬರ್ 17ರಿಂದ ಡಿಸೆಂಬರ್ 6ರವರೆಗೆ ರಜೆಯಲ್ಲಿರುವುದರಿಂದ, ಮುಖ್ಯೋಪಾಧ್ಯಾಯರ ಸೂಚನೆಯಂತೆ 6ನೇ ತರಗತಿಯ ಹೊಣೆಯನ್ನೂ 6 ಮತ್ತು 7ನೇ ತರಗತಿಗಳ ಗಣಿತ ಬೋಧನೆಯನ್ನೂ ತಮಗೆ ವಹಿಸುತ್ತಿದ್ದೇನೆ. ಪಾಠ ಎರಡು ದಿನ ಹಿಂದೆ ಬಿದ್ದರೆ ಮತ್ತೆ ಸರಿದೂಗಿಸಬಹುದು, ಆದರೆ ಕೆಳಗೆ ಹೇಳಿರುವ ಮೂವರು ಮಕ್ಕಳ ವಿಷಯ ಹಾಗಲ್ಲವಾದ್ದರಿಂದ ಅದನ್ನೇ ಮೊದಲು ಬರೆದಿದ್ದೇನೆ. ಈ ಹಾಳೆ ಬೇರೆಯವರ ಕಣ್ಣಿಗೂ ಬೀಳಬಹುದೆಂದು ಹೆಸರಿನ ಬದಲು ಹಾಜರಿ ಸಂಖ್ಯೆಯನ್ನಷ್ಟೇ ಕೊಟ್ಟಿದ್ದೇನೆ.

ಹಾಜರಿ ಸಂಖ್ಯೆ 9ರ ಹುಡುಗನಿಗೆ ಮೂರ್ಛೆ ರೋಗವಿದ್ದು, ಜುಲೈ ತಿಂಗಳಲ್ಲಿ ಒಮ್ಮೆ ತರಗತಿಯಲ್ಲೇ ಫಿಟ್ಸ್ ಬಂದಿತ್ತು. ಹಾಗಾದಲ್ಲಿ ಸುತ್ತಲಿನ ಬೆಂಚುಗಳನ್ನು ಸರಿಸಿ, ಅವನನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನನ್ನಾದರೂ ಇಟ್ಟು, ಗಡಿಯಾರ ನೋಡಿಕೊಳ್ಳಬೇಕು. ಕೈಕಾಲು ಅದುಮಿ ಹಿಡಿಯಬಾರದು, ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಬಾರದು. ಅಂದು ಯಾರೋ ಪ್ರೀತಿಯಿಂದಲೇ ಕಬ್ಬಿಣದ ಬೀಗದ ಕೈ ಹಿಡಿಸಲು ಓಡಿಬಂದಿದ್ದರು. ಅದರಿಂದ ಉಪಯೋಗವಿಲ್ಲವೆಂದು ಮೆಲ್ಲನೆ ಹೇಳಿ ತಡೆಯಿರಿ. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ.

ಹಾಜರಿ ಸಂಖ್ಯೆ 21ರ ಹುಡುಗಿಗೆ ಟೈಪ್ 1 ಮಧುಮೇಹವಿದ್ದು, ಮನೆಯಲ್ಲಿ ಇನ್ಸುಲಿನ್ ಚುಚ್ಚಿಸಿಕೊಂಡು ಬರುತ್ತಾಳೆ. ಅವಳಿಗೆ ಬಿಸಿಯೂಟ ತಡವಾಗಬಾರದು, ನೀರಿಗಾಗಲಿ ಶೌಚಾಲಯಕ್ಕಾಗಲಿ ಕೇಳಿದ ಕೂಡಲೇ ಕಳುಹಿಸಬೇಕು. ಬೆವರು, ನಡುಕ ಅಥವಾ ಮಂಕು ಕಂಡರೆ ನನ್ನ ಮೇಜಿನ ಎಡ ಡ್ರಾಯರಿನಲ್ಲಿರುವ ಗ್ಲೂಕೋಸ್ ಪುಡಿಯನ್ನು ನೀರಲ್ಲಿ ಕದಡಿ ಕುಡಿಸಿ, ತಾಯಿಗೆ ಫೋನ್ ಮಾಡಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ 108 ಕರೆಯಿರಿ. ಇಬ್ಬರ ಪೋಷಕರ ಸಂಖ್ಯೆಗಳೂ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿವೆ.

ಹಾಜರಿ ಸಂಖ್ಯೆ 14ರವಳು ಶ್ರವಣ ಸಾಧನ ಧರಿಸುತ್ತಾಳೆ. ಮುಂದಿನ ಬೆಂಚು ಅವಳದೇ. ಕಪ್ಪುಹಲಗೆಯ ಕಡೆ ತಿರುಗಿ ಮಾತನಾಡಿದರೆ ಅವಳಿಗೆ ತುಟಿ ಕಾಣುವುದಿಲ್ಲ. ಈ ತಪ್ಪು ನನ್ನಿಂದಲೂ ಈಗಲೂ ಆಗುತ್ತದೆ.

ಹಾಜರಿಯನ್ನು ಮೊದಲ ಅವಧಿಯಲ್ಲಿಯೂ ಊಟದ ನಂತರವೂ ಕರೆಯಬೇಕು, ಬೆಳಗಿನ ಸಂಖ್ಯೆಯನ್ನು ಆಗಲೇ ಅಡುಗೆಯವರಿಗೆ ತಿಳಿಸಬೇಕು. ನಮ್ಮ ದೇವದುರ್ಗದ ಕಡೆ ಇದು ಹತ್ತಿ ಬಿಡಿಸುವ ಕಾಲವಾದ್ದರಿಂದ ಹೊಲಕ್ಕೆ ಹೋಗುವ ಮಕ್ಕಳು ಕೆಲವರಿದ್ದಾರೆ. ಸತತ ಮೂರು ದಿನ ಬಾರದವರ ಮನೆಗೆ ಫೋನ್ ಮಾಡಿ, ಮುಖ್ಯೋಪಾಧ್ಯಾಯರ ಗಮನಕ್ಕೆ ತನ್ನಿ. ಮರಳಿ ಬಂದವರನ್ನು ದಯವಿಟ್ಟು ಎಲ್ಲರೆದುರು ಗದರಬೇಡಿ, ಮರುದಿನ ಮತ್ತೆ ಬರುವುದಿಲ್ಲ.

6ನೇ ತರಗತಿಯಲ್ಲಿ ಭಿನ್ನರಾಶಿಗಳ ಸಂಕಲನದವರೆಗೆ ಆಗಿದೆ. ಛೇದಗಳು ಬೇರೆಯಾದಾಗ ಅರ್ಧ ತರಗತಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 1/2 + 1/3 = 2/5 ಎಂದು ಬರೆಯುತ್ತದೆ. ರೊಟ್ಟಿಯ ಚಿತ್ರ ಬಿಡಿಸಿ, ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆಯಾದದ್ದು ಹೇಗೆ ಎಂದು ಅವರನ್ನೇ ಕೇಳಿದರೆ ತಪ್ಪು ತಾನಾಗಿ ತಿಳಿಯುತ್ತದೆ. ಇದು ಗಟ್ಟಿಯಾಗುವವರೆಗೆ ದಶಮಾಂಶಕ್ಕೆ ಹೋಗುವುದು ಬೇಡ. 7ನೇ ತರಗತಿಗೆ ಸರಳ ಸಮೀಕರಣಗಳ ಅಭ್ಯಾಸವಷ್ಟೇ ಬಾಕಿಯಿದೆ. ರೂಪಣಾತ್ಮಕ ಮೌಲ್ಯಮಾಪನ-3ರ ಪ್ರಶ್ನೆಪತ್ರಿಕೆಗಳು ಬೀರುವಿನ ಮೇಲಿನ ಅರೆಯಲ್ಲಿವೆ, ಕೀಲಿ ಕಚೇರಿಯಲ್ಲಿದೆ. ಉತ್ತರಪತ್ರಿಕೆಗಳನ್ನು ನಾನು ಬಂದ ಮೇಲೆ ತಿದ್ದುತ್ತೇನೆ.

ನವೆಂಬರ್ 20ರ ನಂತರ ಸಂಜೆ ಐದರ ಮೇಲೆ ಫೋನ್ ಮಾಡಬಹುದು.

ಇಂತಿ,
6ನೇ ತರಗತಿ ಶಿಕ್ಷಕಿ