ಕ್ರ್ಯಾಶ್ ಕಾರ್ಟ್ ದಿನದ ಚೆಕ್‌ಲಿಸ್ಟ್: ಮಹಿಳಾ ಮೆಡಿಕಲ್ ವಾರ್ಡ್, ಹಾಸನ

ದಿನಾಂಕ: 14-07-2025, ಸೋಮವಾರ
ಶುರು ಮಾಡಿದ ಸಮಯ: ಬೆಳಿಗ್ಗೆ 7.40
ಕಾರ್ಟ್ ಇರುವ ಜಾಗ: ನರ್ಸಿಂಗ್ ಸ್ಟೇಷನ್ ಎಡಕ್ಕೆ, 6ನೇ ಬೆಡ್ ಎದುರು
ಚೆಕ್ ಮಾಡಿದವರು: ರಾತ್ರಿ ಪಾಳಿಯ ಸ್ಟಾಫ್ ನರ್ಸ್ ಮತ್ತು ಬೆಳಗಿನ ಪಾಳಿಯ ಸ್ಟಾಫ್ ನರ್ಸ್, ಇಬ್ಬರೂ ಒಟ್ಟಿಗೆ
ಕೊನೆಗೆ ನೋಡಿ ಸಹಿ ಮಾಡುವವರು: ವಾರ್ಡ್ ಇನ್‌ಚಾರ್ಜ್ ಸಿಸ್ಟರ್

ಈ ಹಾಳೆಯನ್ನು ಕಾರ್ಟ್ ಪಕ್ಕದಲ್ಲಿ ನಿಂತೇ ಬರೆಯಬೇಕು. ಟೇಬಲ್ ಹತ್ತಿರ ಕೂತು ನಿನ್ನೆಯ ಹಾಳೆ ನೋಡಿಕೊಂಡು ಸುಮ್ನೆ ಟಿಕ್ ಹಾಕುವುದು ಬೇಡ. ಒಬ್ಬರು ವಸ್ತುವನ್ನು ಕೈಗೆ ತೆಗೆದುಕೊಂಡು ಓದಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಕೈ ಮುಟ್ಟದ ವಸ್ತುವಿಗೆ ಟಿಕ್ ಇಲ್ಲ. ಮಧ್ಯದಲ್ಲಿ ರೋಗಿ ಕರೆದರೆ ಹೋಗಿ ಬನ್ನಿ, ಆದರೆ ಎಲ್ಲಿಗೆ ನಿಲ್ಲಿಸಿದಿರೋ ಅಲ್ಲಿ ಒಂದು ಗೆರೆ ಎಳೆದು ಹೋಗಿ.

1. ಸೀಲ್ ಮತ್ತು ಕಾರ್ಟ್

ಮಂಗಳವಾರದಿಂದ ಭಾನುವಾರದವರೆಗೆ ಸೀಲ್ ನಂಬರ್ ನಿನ್ನೆಯ ಹಾಳೆಗೆ ಹೊಂದಿದರೆ ಡ್ರಾಯರ್ ತೆಗೆಯಬೇಕಿಲ್ಲ. ಕಾರ್ಟ್ ಮೇಲೆ ಅಂಟಿಸಿರುವ ಎಕ್ಸ್‌ಪೈರಿ ಪಟ್ಟಿ ಓದಿದರೆ ಸಾಕು. ನಂಬರ್ ಹೊಂದದಿದ್ದರೆ, ಸೀಲ್ ಸಡಿಲ ಇದ್ದರೆ, ಅಥವಾ ಇವತ್ತಿನ ಹಾಗೆ ಸೋಮವಾರ ಆಗಿದ್ದರೆ, ಎಲ್ಲಾ ಡ್ರಾಯರ್ ತೆಗೆದು ಎಣಿಸಬೇಕು.

✔ ಸೀಲ್ ನಂಬರ್ 00417. ನಿನ್ನೆ ಬೆಳಗಿನ ಹಾಳೆಯಲ್ಲಿ 00416 ಇತ್ತು. ರಾತ್ರಿ 2.15ಕ್ಕೆ 9ನೇ ಬೆಡ್‌ನ ಕೋಡ್ ಬ್ಲೂಗೆ ಕಾರ್ಟ್ ತೆಗೆದಿದ್ದಾರೆ. ಖರ್ಚಾದದ್ದು ಮತ್ತು ಹೊಸ ಸೀಲ್ ನಂಬರ್ ಎರಡೂ ರಿಜಿಸ್ಟರ್‌ನಲ್ಲಿವೆ, ಹೊಂದುತ್ತವೆ.
✔ ನಾಲ್ಕು ಚಕ್ರವೂ ತಿರುಗುತ್ತವೆ, ಬ್ರೇಕ್ ಹಿಡಿಯುತ್ತದೆ.
✔ ಸಿಪಿಆರ್ ಹಲಗೆ ಕಾರ್ಟ್ ಹಿಂದೆ ಇದೆ. ಅದನ್ನು ರೋಗಿಯ ಕಡೆಯವರು ಕೂರುವುದಕ್ಕೆ ಕೊಡಬೇಡಿ, ಹೋದರೆ ವಾಪಸ್ ಬರುವುದಿಲ್ಲ.
✔ ಕಾರ್ಟ್ ಮೇಲೆ ಫೈಲು, ಊಟದ ಡಬ್ಬಿ, ಫ್ಲಾಸ್ಕ್ ಏನೂ ಇಲ್ಲ.

ಕಾರ್ಟ್‌ಗೆ ಬೀಗ ಹಾಕುವುದಿಲ್ಲ. ಕೈಯಲ್ಲಿ ಎಳೆದರೆ ಕಿತ್ತು ಬರುವ ಪ್ಲಾಸ್ಟಿಕ್ ಸೀಲ್ ಮಾತ್ರ.

2. ಔಷಧಿ: ಎಣಿಕೆ ಮತ್ತು ಎಕ್ಸ್‌ಪೈರಿ

ಡಬ್ಬಿ ಮೇಲಿನ ತಾರೀಖು ಲೆಕ್ಕಕ್ಕಿಲ್ಲ. ಆಂಪೂಲ್ ಮೇಲಿನದ್ದನ್ನೇ ಓದಿ. ಒಂದೇ ಡಬ್ಬಿಯಲ್ಲಿ ಎರಡು ಬ್ಯಾಚ್ ಸೇರಿಕೊಂಡಿರುವುದು ಜಾಸ್ತಿ. ಬೇಗ ಮುಗಿಯುವ ತಾರೀಖಿನದನ್ನು ಮುಂದೆ ಇಡಿ, ಹಾಳೆಯಲ್ಲೂ ಅದನ್ನೇ ಬರೆಯಿರಿ.

ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. 09/2025 ಅಂದರೆ ಸೆಪ್ಟೆಂಬರ್ 30. ಈ ತಿಂಗಳು ಮತ್ತು ಮುಂದಿನ ಮೂರು ತಿಂಗಳಲ್ಲಿ ಮುಗಿಯುವ ಎಲ್ಲದಕ್ಕೂ ಕೆಂಪು ಸ್ಟಿಕ್ಕರ್. ಇವತ್ತಿಗೆ 10/2025 ವರೆಗಿನದು ಅದರಲ್ಲಿ ಬರುತ್ತದೆ.

| ಔಷಧಿ | ಇರಬೇಕು | ಇದೆ | ಮೊದಲು ಮುಗಿಯುವುದು |
|---|---|---|---|
| ಅಡ್ರಿನಲಿನ್ 1 ಮಿ.ಗ್ರಾಂ / 1 ಮಿ.ಲೀ | 10 | 10 | 02/2026 |
| ಅಟ್ರೋಪಿನ್ 0.6 ಮಿ.ಗ್ರಾಂ / 1 ಮಿ.ಲೀ | 20 | 20 | 09/2025 (8 ಆಂಪೂಲ್, ಕೆಂಪು) |
| ಅಮಿಯೋಡರೋನ್ 150 ಮಿ.ಗ್ರಾಂ / 3 ಮಿ.ಲೀ | 6 | 5 | 05/2026 |
| ಅಡೆನೋಸಿನ್ 6 ಮಿ.ಗ್ರಾಂ / 2 ಮಿ.ಲೀ | 5 | 5 | 11/2025 |
| ಲಿಗ್ನೋಕೇನ್ 2%, ಐವಿಗೆ ಕೊಡುವುದು | 2 | 2 | 01/2026 |
| ಸೋಡಾ ಬೈಕಾರ್ಬ್ 7.5%, 10 ಮಿ.ಲೀ | 10 | 10 | 12/2025 |
| ಕ್ಯಾಲ್ಸಿಯಂ ಗ್ಲುಕೋನೇಟ್ 10%, 10 ಮಿ.ಲೀ | 5 | 5 | 03/2026 |
| ಮೆಗ್ನೀಷಿಯಂ ಸಲ್ಫೇಟ್ 50%, 2 ಮಿ.ಲೀ | 4 | 4 | 04/2026 |
| ನಾರ್‌ಅಡ್ರಿನಲಿನ್ 4 ಮಿ.ಗ್ರಾಂ / 2 ಮಿ.ಲೀ | 4 | 4 | 12/2025 |
| ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ವಯಲ್ | 5 | 5 | 06/2026 |
| ನಲೋಕ್ಸೋನ್ 0.4 ಮಿ.ಗ್ರಾಂ / 1 ಮಿ.ಲೀ | 2 | 2 | 02/2026 |
| ಡೆಕ್ಸ್‌ಟ್ರೋಸ್ 25%, 100 ಮಿ.ಲೀ | 2 | 2 | 08/2026 |
| ಡೆಕ್ಸ್‌ಟ್ರೋಸ್ 5%, 100 ಮಿ.ಲೀ | 2 | 2 | 07/2026 |
| ನಾರ್ಮಲ್ ಸಲೈನ್ 500 ಮಿ.ಲೀ | 3 | 3 | 10/2026 |

ಅಮಿಯೋಡರೋನ್: ರಾತ್ರಿ 300 ಮಿ.ಗ್ರಾಂ ಕೊಟ್ಟಿದ್ದಾರೆ, ಅಂದರೆ ಎರಡು ಆಂಪೂಲ್. ಇಂಡೆಂಟ್ ಎರಡಕ್ಕೆ ಹಾಕಿದ್ದಾರೆ, ಫಾರ್ಮಸಿಯಿಂದ ಬಂದದ್ದು ಒಂದು. 8.05ಕ್ಕೆ ಐಸಿಯುನಿಂದ ಒಂದು ತಂದು ಆರು ಮಾಡಿದ್ದೇವೆ. ಇವತ್ತೇ ಅವರಿಗೆ ವಾಪಸ್ ಕೊಡಬೇಕು.

ಅಟ್ರೋಪಿನ್: ಕಾರ್ಟ್‌ಗೆ ಇಷ್ಟೊಂದು ಯಾಕೆ ಅಂತ ಹೊಸಬರು ಕೇಳುತ್ತಾರೆ. ಹಾರ್ಟ್ ರೇಟ್ ಇಳಿದ ಕೇಸ್‌ಗೆ ಒಟ್ಟು 3 ಮಿ.ಗ್ರಾಂ ಮೀರುವುದಿಲ್ಲ, ಐದು ಆಂಪೂಲ್ ಸಾಕು. ಆದರೆ ಬೆಳೆಗೆ ಹೊಡೆಯುವ ಔಷಧಿಯ ವಿಷದ ಕೇಸ್‌ಗಳು ಕ್ಯಾಶುವಾಲ್ಟಿಯಿಂದ ಈ ವಾರ್ಡ್‌ಗೂ ಬರುತ್ತವೆ. ಅವರಿಗೆ ಹತ್ತಿಪ್ಪತ್ತು ಆಂಪೂಲ್ ನೋಡನೋಡುತ್ತಿದ್ದಂತೆ ಖಾಲಿ. ಕೆಂಪು ಸ್ಟಿಕ್ಕರ್‌ನ ಎಂಟನ್ನು ಇವತ್ತು ಕ್ಯಾಶುವಾಲ್ಟಿಗೆ ಕೊಟ್ಟು ಹೊಸ ಬ್ಯಾಚ್‌ನ ಎಂಟು ತನ್ನಿ. ಅಲ್ಲಿ ವಾರದೊಳಗೆ ಖರ್ಚಾಗುತ್ತದೆ, ಇಲ್ಲಿ ಇದ್ದರೆ ಕಸಕ್ಕೆ ಹೋಗುತ್ತದೆ.

ಅಡ್ರಿನಲಿನ್: ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ನೀರಿನ ಹಾಗೆ ತಿಳಿಯಾಗಿರಬೇಕು. ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ತಾರೀಖು ಎಷ್ಟೇ ದೂರ ಇದ್ದರೂ ತೆಗೆದುಹಾಕಿ. ಇವತ್ತು ಹತ್ತೂ ತಿಳಿಯಾಗಿವೆ. ಅಟ್ರೋಪಿನ್ ಆಂಪೂಲ್ ನೋಡಲು ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಅದಕ್ಕೇ ಎರಡನ್ನೂ ಅಕ್ಕಪಕ್ಕದ ಖಾನೆಯಲ್ಲಿ ಇಡುವುದಿಲ್ಲ.

✔ ಪೊಟ್ಯಾಸಿಯಂ ಕ್ಲೋರೈಡ್ ಕಾರ್ಟ್‌ನಲ್ಲಿ ಒಂದೂ ಇಲ್ಲ. ಯಾರಾದರೂ ಉಳಿದದ್ದನ್ನು ಇಲ್ಲಿ ಹಾಕಿ ಹೋಗಿದ್ದರೆ ತಕ್ಷಣ ತೆಗೆಯಿರಿ.
✔ ಅಡೆನೋಸಿನ್ ಫ್ರಿಜ್‌ನಲ್ಲಿ ಇಟ್ಟಿಲ್ಲ. ತಣ್ಣಗಾದರೆ ಹರಳು ಕಟ್ಟುತ್ತದೆ.
✔ ಸಕ್ಸಿನೈಲ್‌ಕೋಲಿನ್ ಫ್ರಿಜ್‌ನ ಮೇಲಿನ ತಟ್ಟೆಯಲ್ಲಿದೆ, 2 ವಯಲ್, 12/2025. ಫ್ರಿಜ್ 5 ಡಿಗ್ರಿ ತೋರಿಸುತ್ತಿದೆ. 2ರಿಂದ 8ರ ಒಳಗಿರಬೇಕು.
✔ ಮಾರ್ಫಿನ್, ಫೆಂಟನಿಲ್ ಎರಡು ಬೀಗದ ಕಪಾಟಿನಲ್ಲೇ ಇವೆ.

3. ಡಿಫಿಬ್ರಿಲೇಟರ್

ಮಳೆಗಾಲದಲ್ಲಿ ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಸಕಲೇಶಪುರದ ಕಡೆ ಮಳೆ ಜೋರಾದರೆ ಇಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತದೆ. ಪ್ಲಗ್ ಹಾಕಿದ್ದಾಗ ಹಸಿರು ಲೈಟ್ ಉರಿಯುತ್ತಿದ್ದರೆ ಕರೆಂಟ್ ಬರುತ್ತಿದೆ ಅಂತ ಅರ್ಥ, ಬ್ಯಾಟರಿ ಚೆನ್ನಾಗಿದೆ ಅಂತಲ್ಲ. ಅದಕ್ಕೇ ಟೆಸ್ಟನ್ನು ಪ್ಲಗ್ ಕಿತ್ತು, ಬ್ಯಾಟರಿ ಮೇಲೆ ಮಾಡಬೇಕು.

✔ ಪ್ಲಗ್ ಕಿತ್ತ ಮೇಲೂ ಮೆಷಿನ್ ಆನ್ ಆಯಿತು. ಬ್ಯಾಟರಿ ಗುರುತು ಪೂರ್ತಿ ಇದೆ.
✔ ಎರಡು ಪ್ಯಾಡಲ್‌ಗಳೂ ಮೆಷಿನ್‌ನ ಗುಳಿಯಲ್ಲಿ ಸರಿಯಾಗಿ ಕೂತಿವೆ. ರಾತ್ರಿಯ ಜೆಲ್ ಒಂದರ ಅಂಚಿನಲ್ಲಿ ಒಣಗಿ ಬಿಳಿ ಪದರ ಕಟ್ಟಿತ್ತು, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದ್ದೇವೆ.
✔ ಆಕ್ಸಿಜನ್ ಬಂದ್ ಮಾಡಿ ದೂರ ಸರಿಸಿದೆ. "ಯಾರೂ ಮುಟ್ಟಬೇಡಿ" ಅಂತ ಜೋರಾಗಿ ಹೇಳಿದೆ.
✔ ಸಿಂಕ್ ಆಫ್ ಇದೆ.
✔ 30 ಜೂಲ್‌ಗೆ ಇಟ್ಟು ಚಾರ್ಜ್ ಮಾಡಿ, ಎರಡೂ ಪ್ಯಾಡಲ್‌ನ ಬಟನ್ ಒಟ್ಟಿಗೆ ಒತ್ತಿದಾಗ ಪರದೆಯಲ್ಲಿ `TEST OK` ಬಂತು. ಸಮಯ 7.52.
✔ ಪ್ರಿಂಟ್ ಆದ ಚೀಟಿಯನ್ನು ಈ ಹಾಳೆಯ ಹಿಂದೆ ಅಂಟಿಸಿದೆ. ಚೀಟಿಯ ಗಡಿಯಾರವೂ ಗೋಡೆ ಗಡಿಯಾರವೂ ಒಂದೇ ಸಮಯ ತೋರಿಸುತ್ತಿವೆ.
✔ ಇಸಿಜಿ ಕೇಬಲ್ ಎಲ್ಲೂ ಸೀಳಿಲ್ಲ. ಪೇಪರ್ ರೋಲ್ ಒಂದು ಒಳಗೆ, ಒಂದು ಹೊರಗೆ.
✔ ಎಲೆಕ್ಟ್ರೋಡ್: ಒಡೆದಿಟ್ಟಿದ್ದ ಪ್ಯಾಕೆಟ್‌ನದು ಒಣಗಿತ್ತು, ಬಿಸಾಡಿ ಹೊಸ ಪ್ಯಾಕೆಟ್ ಇಟ್ಟಿದೆ, 03/2026.
✔ ಜೆಲ್ ಟ್ಯೂಬ್ ಅರ್ಧಕ್ಕಿಂತ ಜಾಸ್ತಿ ಇದೆ. ಅಂಟಿಸುವ ಪ್ಯಾಡ್ ಒಂದು ಜೊತೆ, 11/2025. ಮಕ್ಕಳ ಪ್ಯಾಡಲ್ ಇದೆ.
✔ ಪ್ಲಗ್ ವಾಪಸ್ ಹಾಕಿದೆ, ಹಸಿರು ಲೈಟ್ ಬಂದಿದೆ. ಮರೆಯುವುದು ಇದನ್ನೇ, ಎರಡು ಸಲ ನೋಡಿ.

ಪ್ಯಾಡಲ್‌ಗಳನ್ನು ಗಾಳಿಯಲ್ಲಿ ಹಿಡಿದು ಅಥವಾ ಒಂದಕ್ಕೊಂದು ತಾಗಿಸಿ ಶಾಕ್ ಬಿಡಬಾರದು. ಟೆಸ್ಟ್ ಫೇಲ್ ಆದರೆ ಒಮ್ಮೆ ಪ್ಲಗ್ ಹಾಕಿ ಮತ್ತೆ ಮಾಡಿ. ಆಗ ಪಾಸ್ ಆದರೆ ತೊಂದರೆ ಬ್ಯಾಟರಿಯದ್ದು ಅಂತ ಬರೆದು ಬಯೋಮೆಡಿಕಲ್‌ಗೆ ಫೋನ್ ಮಾಡಿ. ಎರಡೂ ಸಲ ಫೇಲ್ ಆದರೆ ಮೆಷಿನ್ ಮೇಲೆ "ಕೆಟ್ಟಿದೆ" ಬೋರ್ಡ್ ಹಾಕಿ, ಐಸಿಯುನ ಸ್ಟ್ಯಾಂಡ್‌ಬೈ ತಂದು ಇಡಿ. ಎಲ್ಲಾ ಪಾಳಿಗೂ, ಡ್ಯೂಟಿ ಡಾಕ್ಟರ್‌ಗೂ ಬಾಯಲ್ಲೇ ಹೇಳಿ. ಬರೆದಿಟ್ಟರೆ ಸಾಲದು.

4. ಉಸಿರಾಟದ ಸಾಮಾನು

✔ ಲ್ಯಾರಿಂಗೋಸ್ಕೋಪ್: 2, 3, 4ನೇ ಬ್ಲೇಡ್ ಮೂರನ್ನೂ ಹ್ಯಾಂಡಲ್‌ಗೆ ಹಾಕಿ ತೆರೆದು ನೋಡಿದೆ. 3ನೇ ಬ್ಲೇಡ್ ಅಲುಗಿಸಿದಾಗ ಬೆಳಕು ಮಿಣಮಿಣ ಅಂತಿತ್ತು. ಬಲ್ಬ್ ಬಿಗಿ ಮಾಡಿದ ಮೇಲೆ ಸರಿಹೋಯಿತು. ಬಿಳಿ ಬೆಳಕು ಇರಬೇಕು, ಹಳದಿಗೆ ತಿರುಗಿದರೆ ಸೆಲ್ ಬದಲಿಸಿ. ಬೇರೆ ಸೆಲ್ ಒಂದು ಜೊತೆ, ಬೇರೆ ಬಲ್ಬ್ ಒಂದು ಇದೆ.
✔ ಇಟಿ ಟ್ಯೂಬ್: 6.5, 7, 7.5, 8, ಪ್ರತಿಯೊಂದೂ ಎರಡು. ಕವರ್ ಒಡೆದಿಲ್ಲ, ತಾರೀಖು ಎಲ್ಲಾ 2026ರ ನಂತರ. ಚೆಕ್ ಮಾಡಲೆಂದು ಕವರ್ ಒಡೆಯಬೇಡಿ. ಕಫ್ ಟೆಸ್ಟ್ ಹಾಕುವಾಗ ಮಾಡುತ್ತಾರೆ.
✔ ಸ್ಟೈಲೆಟ್, ಬೂಜಿ, ಮಗಿಲ್ ಫೋರ್ಸೆಪ್ಸ್, 10 ಮಿ.ಲೀ ಸಿರಿಂಜ್, ಟ್ಯೂಬ್ ಕಟ್ಟುವ ಟೇಪ್ ಒಂದೇ ಪೌಚ್‌ನಲ್ಲಿವೆ.
✔ ಬಾಯಿಯ ಏರ್‌ವೇ 2, 3, 4. ಐ-ಜೆಲ್ 3 ಮತ್ತು 4, ತಲಾ ಒಂದು.
✔ ಅಂಬು ಬ್ಯಾಗ್: ರೋಗಿಯ ಕಡೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಂಡಿದಾಗ ಗಾಳಿ ಹೋಗದೆ ಕೈಗೆ ಗಟ್ಟಿಯಾಗಿ ಸಿಕ್ಕಿತು. ಕೈ ಬಿಟ್ಟಾಗ ಬೇಗ ಉಬ್ಬಿತು. ರಿಸರ್ವಾಯರ್ ಚೀಲ ತೂತಿಲ್ಲ. ಮಾಸ್ಕ್ 3, 4, 5 ಇವೆ, ಅಂಚಿನ ಗಾಳಿ ಇಳಿದಿಲ್ಲ.
✔ ಸಕ್ಷನ್: ಪೈಪ್ ತುದಿಗೆ ಹೆಬ್ಬೆರಳು ಒತ್ತಿದಾಗ ಮುಳ್ಳು 300 ಮಿ.ಮೀ ದಾಟಿತು. ಜಾರ್ ಖಾಲಿ, ತೊಳೆದದ್ದು. ಯಾಂಕರ್ ಒಂದು, ಕ್ಯಾಥೆಟರ್ 12 ಮತ್ತು 14.
✘ ಆಕ್ಸಿಜನ್: ಬಿ ಟೈಪ್ ಸಿಲಿಂಡರ್, ಮುಳ್ಳು 60ಕ್ಕೆ ಇಳಿದಿದೆ.

ತುಂಬಿದಾಗ 150 ತೋರಿಸುವ ಬಿ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. 60ಕ್ಕೆ ಬಂದರೆ ಉಳಿದದ್ದು ಸುಮಾರು 600 ಲೀಟರ್. ಅಂಬುಗೆ ನಿಮಿಷಕ್ಕೆ 15 ಲೀಟರ್ ಬಿಟ್ಟರೆ 40 ನಿಮಿಷ. ರೋಗಿಯನ್ನು ಸಿಟಿ ಸ್ಕ್ಯಾನ್‌ಗೆ ಕರೆದುಕೊಂಡು ಹೋಗಿ, ಲಿಫ್ಟ್‌ಗೆ ಕಾದು ಬರುವುದಕ್ಕೇ ಅಷ್ಟು ಹೊತ್ತು ಹಿಡಿಯುತ್ತದೆ ಅಲ್ವಾ? 75ಕ್ಕಿಂತ ಕೆಳಗೆ ಬಂದರೆ ಬದಲಿಸುವುದು ಈ ವಾರ್ಡ್‌ನ ನಿಯಮ. 8.10ಕ್ಕೆ ಅಟೆಂಡರ್‌ಗೆ ಹೇಳಿದೆ, 8.25ಕ್ಕೆ ತುಂಬಿದ ಸಿಲಿಂಡರ್ ಬಂತು, ಮುಳ್ಳು 145. ವಾಲ್ವ್ ತೆರೆಯುವ ಕೀ ಸರಪಳಿಯಲ್ಲಿ ಕಟ್ಟಿದೆ.

5. ಮುಗಿಸಿದ್ದು

ಹೊಸ ಸೀಲ್ ನಂಬರ್ 00418, ಹಾಕಿದ ಸಮಯ 8.30. ಹೊರಗಿನ ಎಕ್ಸ್‌ಪೈರಿ ಪಟ್ಟಿ ತಿದ್ದಿದೆ. ಅಟ್ರೋಪಿನ್ ಬದಲಿಸುವಾಗ ಸೀಲ್ ಮತ್ತೆ ಒಡೆಯಬೇಕಾಗುತ್ತದೆ, ಆಗ 00419 ಹಾಕಿ ಇಲ್ಲೇ ಕೆಳಗೆ ಬರೆಯಿರಿ.

ಬೆಳಗಿನ ಪಾಳಿಗೆ ಉಳಿದ ಕೆಲಸ:
– ಅಟ್ರೋಪಿನ್ 8 ಆಂಪೂಲ್ ಕ್ಯಾಶುವಾಲ್ಟಿಯಲ್ಲಿ ಬದಲಿಸುವುದು, 11 ಗಂಟೆಯೊಳಗೆ.
– ಅಮಿಯೋಡರೋನ್ ಬಾಕಿ ಇಂಡೆಂಟ್ ತಂದು ಐಸಿಯುಗೆ ಒಂದು ವಾಪಸ್.
– 3ನೇ ಬ್ಲೇಡ್‌ಗೆ ಹೊಸ ಬಲ್ಬ್ ಬೇಕೆಂದು ಬಯೋಮೆಡಿಕಲ್‌ಗೆ ಚೀಟಿ. ಬಿಗಿ ಮಾಡಿದ್ದು ಎಷ್ಟು ದಿನ ನಿಲ್ಲುತ್ತದೋ ಹೇಳಲಾಗದು.

11.20: ಅಟ್ರೋಪಿನ್ ಬದಲಾಯಿತು, 20 ಆಂಪೂಲ್, ಮೊದಲು ಮುಗಿಯುವುದು 04/2026. ಸೀಲ್ 00419.
12.05: ಐಸಿಯುಗೆ ಅಮಿಯೋಡರೋನ್ ಕೊಟ್ಟಿದೆ. ಬಲ್ಬ್ ಚೀಟಿ ಕಳಿಸಿದೆ, ಬಲ್ಬ್ ಇನ್ನೂ ಬಂದಿಲ್ಲ. ಮಧ್ಯಾಹ್ನದ ಪಾಳಿಯವರು ಕೇಳಿ.