ಒಂದೇ ಓಡಾಟದಲ್ಲಿ ಯೂನಿಫಾರ್ಮ್, ನೋಟ್‌ಬುಕ್ ಎರಡೂ!

ಶಾಲೆ ಶುರುವಾಯಿತು, ಕಲಬುರಗಿಯ ಬಿಸಿಲು ಇನ್ನೂ ಇಳಿದಿಲ್ಲ. ಮಕ್ಕಳನ್ನು ಕರೆದುಕೊಂಡು ನಾಲ್ಕು ಅಂಗಡಿ ಸುತ್ತಬೇಡಿ. ಸೂಪರ್ ಮಾರ್ಕೆಟ್‌ನಲ್ಲಿ ನಮ್ಮ ಯೂನಿಫಾರ್ಮ್ ಅಂಗಡಿ, ನೋಟ್‌ಬುಕ್ ಅಂಗಡಿ ಎರಡೂ ಅಕ್ಕಪಕ್ಕದಲ್ಲೇ ಇವೆ.

ಮಗು ಬೆಳೆದರೂ ಮುಂದಿನ ವರ್ಷಕ್ಕೆ ಬರುವ ಯೂನಿಫಾರ್ಮ್

ಪ್ಯಾಂಟು, ಲಂಗದ ಅಂಚಿನಲ್ಲಿ 2 ಇಂಚು ಬಟ್ಟೆ ಒಳಗೆ ಮಡಚಿ ಹೊಲಿದಿರುತ್ತೇವೆ. ಗಿಡ್ಡ ಆದಾಗ ತನ್ನಿ, ಬಿಚ್ಚಿ ಉದ್ದ ಮಾಡಿಕೊಡುತ್ತೇವೆ. ದುಡ್ಡು ಬೇಡ. ಅಂಗಿಗೆ ಹತ್ತಿ ಜಾಸ್ತಿ ಇರುವ ಬಟ್ಟೆ. ಈ ಸೆಕೆಗೆ ಅದೇ ಸರಿ, ಅಲ್ವಾ? ಅಳತೆ ಕೂಡದಿದ್ದರೆ 15 ದಿನದೊಳಗೆ ಬದಲಿಸಿಕೊಳ್ಳಿ. ಒಗೆಯದೆ ತಂದರೆ ಸಾಕು.

ಶಾಲೆಯ ಪಟ್ಟಿ ಕೊಡಿ, ಎಲ್ಲ ಕಟ್ಟಿಟ್ಟಿರುತ್ತೇವೆ

ಡಜನ್ ನೋಟ್‌ಬುಕ್‌ಗೆ ಬ್ರೌನ್ ಪೇಪರ್, ಲೇಬಲ್ ಉಚಿತ. ಬಿಡಿಯಾಗಿಯೂ ಕೊಡುತ್ತೇವೆ, ಸುಮ್ನೆ ಜಾಸ್ತಿ ಕೊಳ್ಳಬೇಡಿ.

ಜೂನ್ 15ರವರೆಗೆ ಭಾನುವಾರವೂ ಅಂಗಡಿ ತೆರೆದಿರುತ್ತದೆ, ಬೆಳಿಗ್ಗೆ 9ರಿಂದ ರಾತ್ರಿ 9.