ಸಿಂಚನಾಳ ರ್‍ಯಾಂಕ್ ಬಗ್ಗೆ ಒಂದು ಪತ್ರ

ಮಂಜುನಾಥ್ ಅವರಿಗೆ, ಗೀತಾ ಅವರಿಗೆ ನಮಸ್ಕಾರ,

ನಿನ್ನೆ ಸಿಂಚನಾ ಸೈನ್ ಇಲ್ಲದ ಪ್ರೋಗ್ರೆಸ್ ಕಾರ್ಡ್ ಹಿಡ್ಕೊಂಡು ನನ್ನ ಟೇಬಲ್ ಹತ್ರ ಬಂದ್ಲು, "ಅಪ್ಪ ಬೈದ್ರು ಮಿಸ್, ಒಂಬತ್ತರಿಂದ ಹದಿನಾಲ್ಕಕ್ಕೆ ಯಾಕೆ ಹೋದೆ ಅಂತ" ಅಂದವಳು ಮುಂದೆ ಮಾತೇ ಆಡ್ಲಿಲ್ಲ. ಅದಕ್ಕೇ ಈ ಪತ್ರ.

ಅರ್ಧವಾರ್ಷಿಕ ಪರೀಕ್ಷೇಲಿ 500ಕ್ಕೆ 356 ಇತ್ತು, ಈಗ ಪ್ರಿಪರೇಟರಿಲಿ 389. ಅಂದ್ರೆ 33 ಮಾರ್ಕ್ಸ್ ಜಾಸ್ತಿ. ಆದ್ರೆ ರ್‍ಯಾಂಕ್ ಅನ್ನೋದು ಅವಳೊಬ್ಬಳ ಮಾರ್ಕ್ಸ್ ನೋಡಿ ಬರೋದಲ್ಲ, ಮಿಕ್ಕ 45 ಮಕ್ಕಳು ಎಷ್ಟು ತಗೊಂಡ್ರು ಅನ್ನೋದೂ ಅದರಲ್ಲಿ ಸೇರಿರುತ್ತೆ. ಬೆಳಗ್ಗೆ ಸ್ಪೆಷಲ್ ಕ್ಲಾಸ್ ಶುರು ಮಾಡಿದ ಮೇಲೆ ಎಲ್ಲಾ ಮಕ್ಕಳೂ ಓದ್ತಿದ್ದಾರೆ, ಪೇಪರ್ ಕೂಡ ಈ ಸಲ ಸ್ವಲ್ಪ ಸುಲಭ ಇತ್ತು, ಹಂಗಾಗಿ ಎಲ್ಲರದ್ದೂ ಏರಿದೆ. ಇವಳು ಒಬ್ಬರನ್ನ ದಾಟಿದ್ಲು, ಆರು ಜನ ಇವಳನ್ನ ದಾಟಿದ್ರು. ಆ ಆರೂ ಜನ ಇರೋದು 390ರಿಂದ 397ರೊಳಗೆ, ಅಷ್ಟು ಒತ್ತೊತ್ತಾಗಿದ್ದಾರೆ.

ಪೇಪರ್ ಸುಲಭ ಇತ್ತು, ಅದಕ್ಕೇ ಬಂತು ಅಂತ ಮಾತ್ರ ದಯವಿಟ್ಟು ಅನ್ಕೋಬೇಡಿ. ಗಣಿತದಲ್ಲಿ 41 ಇದ್ದದ್ದು 56 ಆಗಿದೆ. ಆಗ ಥೇಲ್ಸ್ ಪ್ರಮೇಯಕ್ಕೆ ಬರೀ ಪ್ರಶ್ನೆ ನಂಬರ್ ಹಾಕಿ ಜಾಗ ಖಾಲಿ ಬಿಟ್ಟಿದ್ಲು, ಈ ಸಲ ಪೆನ್ಸಿಲ್ಲಲ್ಲಿ ಚಿತ್ರ ಬರೆದು ದತ್ತ, ಸಾಧನೀಯ, ರಚನೆ, ಸಾಧನೆ ಎಲ್ಲಾ ಸಾಲಾಗಿ ಬರೆದಿದ್ದಾಳೆ, ಪೂರ್ತಿ ಮಾರ್ಕ್ಸ್ ಕೊಟ್ಟಿದ್ದೀನಿ. ಆ ಉತ್ತರ ಪತ್ರಿಕೆ ಒಂದ್ಸಲ ನೀವೇ ನೋಡ್ಬೇಕು. ವಿಜ್ಞಾನದಲ್ಲೂ 9 ಏರಿದೆ, ಮೂರೂ ಭಾಷೆಲೂ ಸ್ವಲ್ಪ ಸ್ವಲ್ಪ ಏರಿದೆ.

ಇಳಿದಿರೋದು ಸಮಾಜ ಒಂದೇ, 66ರಿಂದ 61ಕ್ಕೆ. ಟೈಮ್ ಸಾಲದೆ ಕೊನೇಲಿದ್ದ 5 ಮಾರ್ಕ್ಸಿನ ಮ್ಯಾಪ್ ಪ್ರಶ್ನೆ ಮುಟ್ಟೇ ಇಲ್ಲ. ಅದಷ್ಟೂ ಬಂದಿದ್ರೆ 394 ಆಗ್ತಿತ್ತು, ಹತ್ತನೇ ರ್‍ಯಾಂಕಲ್ಲಿ ಇರ್ತಿದ್ಲು ನೋಡಿ! ಮುಂಚೇನೇ ಗಮನಿಸಿ ಮ್ಯಾಪ್ ಪ್ರಾಕ್ಟೀಸ್ ಮಾಡಿಸ್ಬೇಕಿತ್ತು, ಅದು ನನ್ನ ಕಡೆಯಿಂದ ಆದ ತಪ್ಪು. ಈ ಸೋಮವಾರದಿಂದ ದಿನಾ ಸಂಜೆ ಹತ್ತು ನಿಮಿಷ ಭಾರತದ ನಕ್ಷೆ ಬರೆಸ್ತೀನಿ, ಮನೇಲಿ ನೀವು ಬೇರೆ ಏನೂ ಮಾಡೋದು ಬೇಡ, ಭಾನುವಾರ ಮೂರು ಗಂಟೆ ಗಡಿಯಾರ ಇಟ್ಟು ಒಂದು ಹಳೇ ಪೇಪರ್ ಬರೆಸಿ ಸಾಕು.

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಬರೋದು 625ಕ್ಕೆ ಎಷ್ಟು ಅಂತ, ನಮ್ಮ ಕ್ಲಾಸಿನ ರ್‍ಯಾಂಕ್ ಅಲ್ಲ. ಇಷ್ಟು ಕಷ್ಟಪಟ್ಟ ಮಗು ಬೈಸ್ಕೊಂಡು ಬಂದದ್ದು ನಂಗೆ ತುಂಬಾ ಬೇಜಾರಾಯ್ತು, ಅದಕ್ಕೆ ಇಷ್ಟು ಉದ್ದ ಬರೆದೆ, ತಪ್ಪು ತಿಳ್ಕೋಬೇಡಿ. ಇವತ್ತು ಅವಳನ್ನ ಕರೆದು ಗಣಿತದ 15 ಮಾರ್ಕ್ಸ್ ಬಗ್ಗೆ ಒಂದು ಒಳ್ಳೆ ಮಾತಾಡಿ, ಕಾರ್ಡಿಗೆ ಸೈನ್ ಹಾಕಿ ಕಳಿಸಿ. ಶನಿವಾರ ಹನ್ನೆರಡರ ಮೇಲೆ ಇಬ್ಬರಲ್ಲಿ ಯಾರಾದ್ರೂ ಬಂದ್ರೆ ಎಲ್ಲಾ ಪೇಪರ್ ಎದುರಿಗಿಟ್ಟು ತೋರಿಸ್ತೀನಿ.

ಇಂತಿ,
ವೀಣಾ
ಕ್ಲಾಸ್ ಟೀಚರ್, 10ನೇ ತರಗತಿ 'ಬಿ' ವಿಭಾಗ